ಚುಳ್ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?

ಜಿಟಿಜಿಟಿ, ಥಳಥಳ, ಪಟಪಟ. ಇಂಥ ಮಾತುಗಳಿಲ್ಲದೆ ನಮ್ಮೂರಲ್ಲಿ ಒಂದು ದಿನವೂ ಕಳೆಯಲ್ಲ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಇವಕ್ಕೆ ಅನುಕರಣಾವ್ಯಯ ಅಂತ ಹೆಸರು. ಅರ್ಥವಿಲ್ಲದ ಧ್ವನಿಯನ್ನು ಕೇಳಿದ ಹಾಗೇ ಹೇಳುವ ಪದ ಅಂತ ಮೇಷ್ಟ್ರು ಬರೆಸಿದ್ದರು. ಪರೀಕ್ಷೆಯಲ್ಲಿ ಒಂದು ಅಂಕ ಬಂತು, ಅಲ್ಲಿಗೆ ಮರೆತೆವು.

ಪತ್ರಿಕೋದ್ಯಮ ಓದಿ ಮುಗಿಸಿ, ಹಳ್ಳಿ ಸುದ್ದಿಗಳನ್ನು ಇಂಗ್ಲಿಷಿಗೆ ಮಾಡಿಕೊಡೋ ಕೆಲಸಕ್ಕೆ ಸೇರಿದ ಮೇಲೆ ಈ ಪದಗಳು ಮತ್ತೆ ಎದುರಾದವು. ಜನ ಮಾತಾಡಿದ್ದನ್ನು ಬರೆದುಕೊಂಡು ಬಂದು ಅನುವಾದಕ್ಕೆ ಕೂತರೆ ಮಿಕ್ಕ ವಾಕ್ಯವೆಲ್ಲ ಸಲೀಸಾಗಿ ಹೋಗುತ್ತೆ. ಇವು ಮಾತ್ರ ಕಾಲಿಗೆ ಸಿಕ್ಕಿದ ಮುಳ್ಳಿನ ಥರ ನಿಲ್ಲಿಸಿಬಿಡುತ್ತವೆ.

ಮೊದಲು ಗೊತ್ತಾಗಿದ್ದು ಮೇಷ್ಟ್ರ ವಿವರಣೆ ಅರ್ಧ ಮಾತ್ರ ಸರಿ ಅನ್ನೋದು. ಪಟಪಟ ಅನ್ನೋದಕ್ಕೆ ಸದ್ದಿದೆ. ಆದರೆ ತೊಳೆದಿಟ್ಟ ತಂಬಿಗೆ ಥಳಥಳ ಅಂತ ಎಲ್ಲಿ ಸದ್ದು ಮಾಡುತ್ತೆ? ಕಾಲು ಜುಮ್ ಅಂದಾಗ ಪಕ್ಕದಲ್ಲಿ ಕೂತವರಿಗೆ ಏನಾದರೂ ಕೇಳುತ್ತಾ? ಕಣ್ಣಿಗೆ ಕಂಡ ಹೊಳಪನ್ನು, ಮೈಗಾದ ನೋವನ್ನು, ಮನಸ್ಸಿಗಾದ ದಿಗಿಲನ್ನು ಕೂಡ ನಾವು ಸದ್ದು ಮಾಡಿ ಹೇಳುತ್ತೇವೆ. ಇವು ಅರ್ಥವಿಲ್ಲದ ಪದಗಳಲ್ಲ, ಅರ್ಥ ತುಂಬಿ ತುಳುಕುವ ಪದಗಳು.

ಇಂಗ್ಲಿಷಲ್ಲಿ ಇಂಥವು ಇಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇವೆ, ಆದರೆ ಬೇರೆ ಜಾಗದಲ್ಲಿ ಅವಿತಿವೆ. ನಾವು ‘ಥಳಥಳ ಹೊಳೀತು’ ಅಂತ ಎರಡು ಪದದಲ್ಲಿ ಹೇಳುತ್ತೇವೆ. ಹೊಳೆಯೋದು ಕ್ರಿಯೆ, ಹೇಗೆ ಹೊಳೆಯಿತು ಅನ್ನೋದು ಥಳಥಳ. ಇಂಗ್ಲಿಷಿನವರು ಎರಡನ್ನೂ ಒಂದೇ ಕ್ರಿಯಾಪದದೊಳಗೆ ಹಾಕಿಬಿಡುತ್ತಾರೆ. ಹಾಗಾಗಿ ಥಳಥಳಕ್ಕೆ ಒಂದು ಪದ, ಹೊಳೆಯೋದಕ್ಕೆ ಇನ್ನೊಂದು ಪದ ಹುಡುಕಿದರೆ ಸಿಗಲ್ಲ. ಎರಡೂ ಸೇರಿದ ಕ್ರಿಯಾಪದವನ್ನು ಹುಡುಕಬೇಕು.

ಹೊಳಪಿಗೆ ಅವರಲ್ಲಿ ‘ಗ್ಲ’ ಅಂತ ಶುರುವಾಗೋ ಒಂದು ಕುಟುಂಬವೇ ಇದೆ. ತಿಕ್ಕಿ ತೊಳೆದ ಪಾತ್ರೆಯ ಥಳಥಳಕ್ಕೆ ಗ್ಲೀಮ್. ಬೆವರಿನ ಮೈ, ಇಬ್ಬನಿ ಬಿದ್ದ ಎಲೆ, ಹೀಗೆ ಒದ್ದೆಯಾಗಿ ಹೊಳೆಯೋದಕ್ಕೆ ಗ್ಲಿಸನ್. ದೂರದ ಗುಡಿಸಲಲ್ಲಿ ಮಿಣಿಮಿಣಿ ಅನ್ನೋ ಬುಡ್ಡಿ ದೀಪಕ್ಕೆ ಗ್ಲಿಮರ್. ಜರತಾರಿ, ಚಮಕಿ ಚುಕ್ಕಿ ಚುಕ್ಕಿಯಾಗಿ ಹೊಳೆದರೆ ಗ್ಲಿಟರ್. ಅದೇ ನಕ್ಷತ್ರ ಮಿಣಮಿಣ ಅಂದರೆ ಮಾತ್ರ ಈ ಕುಟುಂಬ ಬಿಟ್ಟು ಟ್ವಿಂಕಲ್‌ಗೆ ಹೋಗಬೇಕು. ನಮ್ಮದು ಒಂದು ಪದ, ಅವರದು ಎರಡು. ಇನ್ನೊಂದು ಕಡೆ ನಮ್ಮದು ನಾಲ್ಕು, ಅವರದು ಒಂದು. ಅದಕ್ಕೇ ಪದಕ್ಕೆ ಪದ ಬರೆದಿಟ್ಟುಕೊಂಡ ಪಟ್ಟಿ ಕೆಲಸಕ್ಕೆ ಬರಲ್ಲ. ಏನು ಹೊಳೀತು ಅನ್ನೋದನ್ನು ನೋಡಿಯೇ ಪದ ಆರಿಸಬೇಕು.

ಮಳೆಯಲ್ಲಿ ಇನ್ನೊಂದು ತೊಡಕಿದೆ. ಜಿಟಿಜಿಟಿ ಅಂದರೆ ಡ್ರಿಜಲ್ ಅಂತ ಎಲ್ಲರೂ ಬರೆಯುತ್ತಾರೆ. ಹವಾಮಾನದವರ ಲೆಕ್ಕದಲ್ಲಿ ಡ್ರಿಜಲ್ ಅಂದರೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿಗಳ ಮಳೆ. ಅಲ್ಲಿರೋದು ಹನಿಯ ಗಾತ್ರ ಅಷ್ಟೇ. ನಮ್ಮ ಜಿಟಿಜಿಟಿಯಲ್ಲಿ ಗಾತ್ರಕ್ಕಿಂತ ಬೇಸರ ಜಾಸ್ತಿ. ಬೆಳಗಿನಿಂದ ನಿಂತಿಲ್ಲ, ಜೋರಾಗಿ ಹುಯ್ದು ಬಿಡೋದೂ ಇಲ್ಲ, ಅಂಗಳವೆಲ್ಲ ಕಿಚಿಕಿಚಿ, ಒಣಗಾಕಿದ ರಾಗಿ ಒಳಗೆ ತರಬೇಕು. ಇಷ್ಟೂ ಅದರಲ್ಲಿದೆ. ಡ್ರಿಜಲ್‌ಗೆ ಹತ್ತಿರ ಇರೋದು ತುಂತುರು. ಜಿಟಿಜಿಟಿಗೆ ನಾನು ‘ದಿನವಿಡೀ ಡ್ರಿಜಲ್ ಆಗುತ್ತಲೇ ಇತ್ತು, ಬಿಡಲೇ ಇಲ್ಲ’ ಅನ್ನೋ ಅರ್ಥ ಬರೋ ಹಾಗೆ ಇಡೀ ವಾಕ್ಯ ಬರೆಯುತ್ತೇನೆ. ಬೇಸರವನ್ನು ಪದ ಹೊರದಿದ್ದರೆ ವಾಕ್ಯ ಹೊರಬೇಕು.

ಹೊಳಪು, ಮಳೆ ತಪ್ಪಾದರೆ ಸುದ್ದಿ ಸಪ್ಪೆಯಾಗುತ್ತೆ, ಅಷ್ಟೇ. ನೋವಿನ ಪದ ತಪ್ಪಿದರೆ ಹಾಗಲ್ಲ.

ನಮ್ಮ ದೊಡ್ಡಮ್ಮನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಕಾಲು ನೋವು ಅಂತ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಅವತ್ತು ಇದ್ದ ಡಾಕ್ಟರು ಹೊರ ರಾಜ್ಯದವರು, ಕನ್ನಡ ಆಗಷ್ಟೇ ಕಲಿಯುತ್ತಿದ್ದರು. ದೊಡ್ಡಮ್ಮ ಶುರು ಮಾಡಿದರು:

“ಎಲ್ಡೂ ಪಾದ ಜುಮ್ ಜುಮ್ ಅಂತದೆ ಡಾಕ್ಟ್ರೇ. ರಾತ್ರಿ ಮನಿಕಂಡ್ರೆ ಧಗಧಗ ಅಂತ ಉರೀತದೆ. ಒಂದೊಂದ್ಸಲ ಚುಳ್ ಅಂತ ಮ್ಯಾಕೆ ಹತ್ತತದೆ. ಈಗ ಎಲ್ಡು ದಿನದಿಂದ ಈ ಬಲಗಾಲು ಹೆಬ್ಬೆಟ್ಟು ಪಟಪಟ ಅಂತ ಸಿಡೀತದೆ.”

ಜೊತೆಗೆ ಬಂದಿದ್ದ ಅಣ್ಣ ಇದನ್ನೆಲ್ಲ ಒಂದೇ ಮಾತಲ್ಲಿ ಮುಗಿಸಿದ: “ಲೆಗ್ ಪೇನ್ ಸಾರ್.” ದೊಡ್ಡಮ್ಮ ನಾಲ್ಕು ಬೇರೆ ಬೇರೆ ನೋವು ಹೇಳಿದ್ದರು. ಡಾಕ್ಟರಿಗೆ ತಲುಪಿದ್ದು ಒಂದು.

ನಾನು ಒಂದೊಂದೇ ಬಿಡಿಸಿ ಹೇಳಿದೆ. ಜುಮ್ ಜುಮ್ ಅಂದರೆ ಟಿಂಗ್ಲಿಂಗ್, ಜೋಮು ಹಿಡಿದ ಕಾಲು ಬಿಡುವಾಗ ಆಗುತ್ತಲ್ಲ ಹಾಗೆ. ಧಗಧಗ ಅಂದರೆ ಬರ್ನಿಂಗ್. ಚುಳ್ ಅಂತ ಮೇಲೆ ಹತ್ತೋದು ಶೂಟಿಂಗ್ ಪೇನ್. ಸಿನಿಮಾ ಶೂಟಿಂಗ್ ಅಲ್ಲ, ಬಾಣ ಬಿಟ್ಟ ಹಾಗೆ ಓಡೋ ನೋವು. ಪಟಪಟ ಸಿಡಿಯೋದು ಥ್ರಾಬಿಂಗ್, ನಾಡಿ ಬಡಿದ ಹಾಗೆ ಬಿಟ್ಟು ಬಿಟ್ಟು ಬಡಿಯೋ ನೋವು.

ಡಾಕ್ಟರು ಮೊದಲ ಮೂರನ್ನು ಕೇಳಿ ತಲೆಯಾಡಿಸಿದರು. ಎರಡೂ ಪಾದದಲ್ಲಿ ಉರಿ, ಜುಮ್, ಚುಳ್ ಇದ್ದರೆ ಅದು ಸಕ್ಕರೆ ಕಾಯಿಲೆ ನರಕ್ಕೆ ಮಾಡಿದ ಪೆಟ್ಟಿನ ಲಕ್ಷಣ, ನಿಧಾನವಾಗಿ ಬಂದಿರೋದು ಅಂದರು. ನಾಲ್ಕನೆಯದು ಕೇಳಿದ ತಕ್ಷಣ ಬಗ್ಗಿ ಬಲಗಾಲಿನ ಹೆಬ್ಬೆರಳು ನೋಡಿದರು. ಉಗುರಿನ ಮೂಲೆ ಕೆಂಪಗೆ ಊದಿ ಒಳಗೆ ಕೀವು ಕಟ್ಟಿತ್ತು. ಒಂದೇ ಜಾಗದಲ್ಲಿ, ಹೊಸದಾಗಿ, ಪಟಪಟ ಅನ್ನೋ ನೋವು ಅಂದರೆ ಅಲ್ಲಿ ಬಾವು ಇರಬಹುದು. ಬಾವು ಬಂದ ಜಾಗದಲ್ಲಿ ರಕ್ತ ಜಾಸ್ತಿ ಹರಿಯುತ್ತೆ, ಒಳಗೆ ಒತ್ತಡ ತುಂಬಿರುತ್ತೆ, ಅದಕ್ಕೇ ಬಡಿದ ಹಾಗಾಗುತ್ತೆ. ಸಕ್ಕರೆ ಕಾಯಿಲೆಯವರ ಕಾಲಲ್ಲಿ ಕೀವು ಕಟ್ಟಿದರೆ ಕಾಯೋ ಹಾಗಿಲ್ಲ. ಅವತ್ತೇ ಕುಯ್ದು ಕೀವು ತೆಗೆದರು. ನರ ಪೂರ್ತಿ ಸತ್ತ ಕಾಲಾದರೆ ಈ ಪಟಪಟವೂ ತಿಳಿಯದೇ ಹೋಗಬಹುದು, ಅದಕ್ಕೆ ದಿನಾ ಪಾದ ನೋಡಿಕೊಳ್ಳಿ ಅಂತಲೂ ಹೇಳಿದರು.

ಈ ವಿಷಯ ಆಮೇಲೆ ಓದಿಕೊಂಡೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಅನ್ನೋರು 1975ರಲ್ಲಿ ನೋವನ್ನು ವಿವರಿಸೋ ಇಂಗ್ಲಿಷ್ ಪದಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ 78 ಪದ, 20 ಗುಂಪು. ಬಡಿಯೋ ನೋವುಗಳದ್ದೇ ಒಂದು ಗುಂಪು, ಅದರಲ್ಲಿ ಆರು ಪದ. ಥ್ರಾಬಿಂಗ್ ಅವುಗಳಲ್ಲಿ ಒಂದು. ಓಡೋ ನೋವಿಗೆ ಬೇರೆ ಗುಂಪು, ಉರಿಗೆ ಬೇರೆ, ಜುಮ್ ಅನ್ನೋದಕ್ಕೆ ಬೇರೆ. ಆ ಪಟ್ಟಿ ಓದುವಾಗ ದೊಡ್ಡಮ್ಮನ ಮಾತೇ ಕಿವಿಯಲ್ಲಿತ್ತು. ಶಾಲೆ ಮೆಟ್ಟಿಲು ಹತ್ತದ ಅವರು ನಾಲ್ಕು ವಾಕ್ಯದಲ್ಲಿ ನಾಲ್ಕು ಗುಂಪು ಹೇಳಿದ್ದರು.

ಈಗ ನಾನು ಇಂಥ ಪದ ಸಿಕ್ಕಾಗ ಅದನ್ನು ಬಾಯಲ್ಲಿ ಹೇಳಿ ಎರಡು ಸಂಗತಿ ನೋಡುತ್ತೇನೆ.

ಒಂದು, ಪದ ಒಂದು ಸಲ ಬಂದಿದೆಯೋ, ಜೋಡಿಯಾಗಿ ಬಂದಿದೆಯೋ. ‘ಚುಳ್ ಅಂತು’ ಅಂದರೆ ಒಂದು ಸಲ ಬಂದು ಹೋಯಿತು. ‘ಚುಳುಚುಳು ಅಂತಿದೆ’ ಅಂದರೆ ಮತ್ತೆ ಮತ್ತೆ ಬರುತ್ತಿದೆ. ಡಾಕ್ಟರು ಕೇಳೋ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು, ಉತ್ತರ ನಮ್ಮ ಪದದೊಳಗೇ ಇದೆ. ಇಂಗ್ಲಿಷಿಗೆ ಮಾಡುವಾಗ ಎಷ್ಟು ಸಲ ಅನ್ನೋದನ್ನು ಬೇರೆಯಾಗಿ ಹೇಳಬೇಕು.

ಎರಡು, ಸ್ವರ ಸಣ್ಣದೋ ದೊಡ್ಡದೋ. ಕಾಲ್ಗೆಜ್ಜೆ ಕಿಣಿಕಿಣಿ ಅನ್ನುತ್ತೆ, ಗುಡಿಯ ಗಂಟೆ ಗಣಗಣ ಅನ್ನುತ್ತೆ. ಇಕಾರ ಬಂದರೆ ಸಾಮಾನ್ಯವಾಗಿ ಚಿಕ್ಕದು, ಅಕಾರ ಬಂದರೆ ದೊಡ್ಡದು. ಇಂಗ್ಲಿಷಲ್ಲೂ ಹಾಗೇ: ಚಿಕ್ಕದಕ್ಕೆ ಟಿಂಕಲ್, ದೊಡ್ಡದಕ್ಕೆ ಕ್ಲಾಂಗ್. ಪದ ಆರಿಸುವಾಗ ಇದು ಒಳ್ಳೆ ದಾರಿದೀಪ.

ಆದರೆ ಕಿವಿ ಒಂದನ್ನೇ ನಂಬಿದರೆ ಮೋಸ ಹೋಗುವ ಜಾಗಗಳೂ ಇವೆ. ತೆಲುಗಿನಲ್ಲೂ ಧಗಧಗ ಇದೆ, ಆದರೆ ಅಲ್ಲಿ ಅದು ಚಿನ್ನ, ಒಡವೆ ಹೊಳೆಯೋದಕ್ಕೆ ಹೇಳೋ ಮಾತು. ನಮ್ಮಲ್ಲಿ ಬೆಂಕಿ, ಉರಿ. ಗಡಿ ಭಾಗದ ಊರುಗಳಲ್ಲಿ ಒಂದೇ ಪದ ಯಾರ ಬಾಯಿಂದ ಬಂತು ಅಂತ ನೋಡಬೇಕಾಗುತ್ತೆ.

ಇನ್ನೊಂದು ದೊಡ್ಡ ಮೋಸ ಎದೆಯ ಮಾತುಗಳದ್ದು. ‘ಎದೆ ಉರಿ’ ಅಂದರೆ ಊಟದ ಮೇಲೆ ಹುಳಿ ಮೇಲೆ ಬಂದು ಆಗೋ ಉರಿ, ಅದು ಮೈಯದ್ದು. ‘ಮಗನ ಮುಖ ನೋಡಿ ಎದೆ ಚುರಕ್ ಅಂತು’ ಅಂದರೆ ಅದು ಮರುಕ. ‘ಫೋನ್ ಬಂದಾಗ ಎದೆ ಝಲ್ ಅಂತು’ ಅಂದರೆ ದಿಗಿಲು. ಇವೆರಡನ್ನು ಎದೆನೋವು ಅಂತ ಇಂಗ್ಲಿಷಿಗೆ ಮಾಡಿದರೆ ಇಲ್ಲದ ಕಾಯಿಲೆ ಬರೆದ ಹಾಗೆ. ಎಲ್ಲಕ್ಕಿಂತ ಕಷ್ಟ ಢವಢವದ್ದು. ರಿಸಲ್ಟ್ ದಿನ ಎದೆ ಢವಢವ ಅಂದರೆ ಹೆದರಿಕೆ. ಸುಮ್ಮನೆ ಕೂತಾಗ, ಯಾವ ಕಾರಣವೂ ಇಲ್ಲದೆ ಢವಢವ ಅಂದರೆ ಪಾಲ್ಪಿಟೇಶನ್, ಡಾಕ್ಟರಿಗೆ ಹೇಳಲೇಬೇಕಾದ ಸಂಗತಿ. ಪದ ಒಂದೇ. ಅದು ಯಾವಾಗ ಬಂತು ಅನ್ನೋದು ಅರ್ಥ ತೀರ್ಮಾನ ಮಾಡುತ್ತೆ.

ಇಷ್ಟೆಲ್ಲ ಇಂಗ್ಲಿಷ್ ಪದ ನಮ್ಮ ಬಾಯಿಗೆ ಬರದಿದ್ದರೂ ನಡೆಯುತ್ತೆ. ಕನ್ನಡ ಬಾರದ ಡಾಕ್ಟರ ಮುಂದೆ ಕೂತಾಗ ‘ನೋವು’ ಅಂತ ಒಂದೇ ಮಾತಿಗೆ ಇಳಿಸಬೇಡಿ. ನೋವಿರೋ ಜಾಗ ಬೆರಳಿಟ್ಟು ತೋರಿಸಿ. ಅದು ಬಡಿಯೋ ನೋವಾದರೆ ಮೇಜಿನ ಮೇಲೆ ಅದೇ ಲಯದಲ್ಲಿ ಬೆರಳಿಂದ ತಟ್ಟಿ. ಓಡೋ ನೋವಾದರೆ ಎಲ್ಲಿಂದ ಎಲ್ಲಿವರೆಗೆ ಅಂತ ಬೆರಳು ಎಳೆದು ತೋರಿಸಿ. ಜೊತೆಗೆ ಪಟಪಟ, ಚುಳ್ ಅಂತ ಬಾಯಲ್ಲೂ ಹೇಳಿ. ದೊಡ್ಡಮ್ಮ ಈಗ ಹಾಗೇ ಮಾಡುತ್ತಾರೆ. ಆ ಡಾಕ್ಟರು ಮೊನ್ನೆ ಸಿಕ್ಕಾಗ, “ಅಮ್ಮ, ಈಗ ಪಟಪಟ ಇದೆಯಾ, ಜುಮ್ ಜುಮ್ ಮಾತ್ರನಾ?” ಅಂತ ಕನ್ನಡದಲ್ಲೇ ಕೇಳಿದರು.