ಹಾಲಿನ ಕ್ಯಾನ್ ಎತ್ತಲಾಗದ ಮೊಣಕೈ

ತಾಲ್ಲೂಕು ಮೈದಾನದಲ್ಲಿ ಟೆನಿಸ್ ಶುರು ಮಾಡಿದಾಗ ನಾವು ನಾಲ್ವರು ಸೇರಿ ಒಂದು ಹಳೇ ರಾಕೆಟ್ ಕೊಂಡೆವು. ತಲೆ 95 ಚದರ ಇಂಚು, ಗಡುಸು ಪಾಲಿಯೆಸ್ಟರ್ ತಂತಿ, ಬಿಗಿ 58 ಪೌಂಡ್. ಬಿಗಿ ಹೆಚ್ಚಿದ್ದರೆ ಚೆಂಡು ಹೇಳಿದ ಮಾತು ಕೇಳುತ್ತದೆ ಎಂದಿದ್ದರು ಅಂಗಡಿಯವರು. ಸುಳ್ಳಲ್ಲ. ಬಿಗಿ ತಂತಿ ಕಡಿಮೆ ಬಾಗಿ ಕಡಿಮೆ ಚಿಮ್ಮಿಸುತ್ತದೆ, ಚೆಂಡು ಗೆರೆ ದಾಟುವುದು ಕಡಿಮೆ. ಆದರೆ ದೂರ ಕಳಿಸುವ ಕೆಲಸ ತೋಳಿನ ಪಾಲಿಗೆ ಬರುತ್ತದೆ.

ಎರಡೇ ತಿಂಗಳಿಗೆ ನಮ್ಮಲ್ಲೊಬ್ಬನಿಗೆ ಹಾಲಿನ ಕ್ಯಾನ್ ಎತ್ತಲಾಗಲಿಲ್ಲ. ಮೊಣಕೈಯ ಹೊರಬದಿಯ ಮೂಳೆಯ ಹತ್ತಿರ ಚುಚ್ಚುವ ನೋವು. ಸಣ್ಣ ತಲೆಯಲ್ಲಿ ಚೆಂಡು ನಡುವೆ ತಗುಲದಿದ್ದರೆ ರಾಕೆಟ್ ಕೈಯಲ್ಲೇ ತಿರುಚಿಕೊಳ್ಳುತ್ತದೆ. ಅದನ್ನು ತಡೆಯಲು ಹಿಡಿ ಬಿಗಿಮಾಡಿದಷ್ಟೂ ಏಟು ಅಲ್ಲಿಗೇ. ನಮಗೆ ನಡುವೆ ತಗುಲುತ್ತಿದ್ದುದು ಹತ್ತಕ್ಕೆ ಮೂರು!

ಅವನು ಆರು ವಾರ ಆಟ ಬಿಟ್ಟ. ಅಷ್ಟರಲ್ಲಿ ನಾವು 102 ಇಂಚಿನ ರಾಕೆಟ್ ತಂದು, ಮೆತ್ತನೆಯ ಮಲ್ಟಿಫಿಲಮೆಂಟ್ ತಂತಿಯನ್ನು 52 ಪೌಂಡಿಗೆ ಹಾಕಿಸಿದೆವು. ಮೊದಲ ದಿನ ಚೆಂಡುಗಳೆಲ್ಲ ಬೇಲಿಗೆ! ದೊಡ್ಡ ತಲೆಯಲ್ಲಿ ತಂತಿ ಉದ್ದ, ಅಷ್ಟೇ ಬಿಗಿಯಲ್ಲೂ ಹೆಚ್ಚು ಚಿಮ್ಮಿಸುತ್ತದೆ. ಮುಂದಿನ ಸಲ ಎರಡು ಪೌಂಡ್ ಏರಿಸಿದೆವು, ಚೆಂಡು ಒಳಗೆ ಬೀಳತೊಡಗಿತು. ನೋವು ಇಳಿದದ್ದರಲ್ಲಿ ವಿಶ್ರಾಂತಿಯ ಪಾಲೂ ಇದೆ. ಈಗ ಕ್ಯಾನ್ ಅವನೇ ಎತ್ತುತ್ತಾನೆ.