ಅಪ್ಪ ಹೀಗೆ ಮಾತಾಡಲ್ಲ

ನಮ್ಮೂರಲ್ಲಿ ಬಾವಿ ತೋಡುತ್ತಿದ್ದ ಹಿರಿಯರೊಬ್ಬರ ಮಾತನ್ನು ಎರಡು ಗಂಟೆ ರೆಕಾರ್ಡ್ ಮಾಡಿಕೊಂಡು ಎರಡು ಪುಟಕ್ಕೆ ಇಳಿಸಿದ್ದೆ. ಅವರ ಮಗ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟು, "ಅಪ್ಪ ಹೀಗೆ ಮಾತಾಡಲ್ಲ" ಎಂದರು.

ಸಾಲು ಹೀಗಿತ್ತು: "ನಮ್ಮ ಶ್ರಮದ ಫಲ ನಮಗೆ ದಕ್ಕಲಿಲ್ಲ." ರೆಕಾರ್ಡಿಂಗ್ ಮತ್ತೆ ಕೇಳಿದೆ. ಅವರು ಹೇಳಿದ್ದು: "ಬಾವಿ ತೋಡಿದ್ದು ನಾವು. ನೀರು ಬಂದ್ಮೇಲೆ ಹಗ್ಗ ಮುಟ್ಬೇಡ ಅಂದ್ರು." ನನ್ನ ಸಾರಾಂಶವನ್ನು ಅವರ ಬಾಯಿಗೆ ತುರುಕಿದ್ದೆ. ಹಗ್ಗವೂ ಹೋಗಿತ್ತು, ಹಗ್ಗ ಮುಟ್ಟಬೇಡ ಅಂದವರೂ ಮರೆಯಾಗಿದ್ದರು.

ತಿದ್ದಲು ಕೂತೆ. ಎಷ್ಟು ಬಾವಿ, ಎಷ್ಟು ಆಳ, ಕೂಲಿ ಎಷ್ಟು ಎಂಬುದು ಯಾರು ಹೇಳಿದರೂ ಅಷ್ಟೇ. ಅದನ್ನು ನನ್ನ ಮಾತಲ್ಲಿ ಅಡಕಮಾಡಿದೆ. ಪದ ಬದಲಾದರೆ ಅರ್ಥವೂ ಬದಲಾಗುವ ಕಡೆ ಅವರ ಮಾತನ್ನು ಹಾಗೇ ಉಳಿಸಿದೆ.

ಯಾವುದು ಯಾರದೆಂದು ಓದುಗರಿಗೆ ತೋರಿಸುವುದು ಕನ್ನಡದಲ್ಲಿ ತುಸು ಕಷ್ಟ. ನಾನು ಆ ಬಾವಿಯತ್ತ ಹೋಗಲಿಲ್ಲ ಎಂದರು ಅಂತ ಬರೆದರೆ, ಅದು ಅವರ ಮಾತೋ ನನ್ನ ಸಂಗ್ರಹವೋ ಗೊತ್ತಾಗದು. 'ನಾನು' ಎರಡಕ್ಕೂ ಒಗ್ಗುತ್ತದೆ. ಹಾಗಾಗಿ ಸಂಗ್ರಹದಲ್ಲಿ 'ತಾವು' ಬಳಸಿದೆ: ತಾವು ಮತ್ತೆ ಆ ಬಾವಿಯತ್ತ ಹೋಗಲಿಲ್ಲ ಎಂದರು. ಉದ್ಧರಣ ಚಿಹ್ನೆಯೊಳಗೆ ರೆಕಾರ್ಡಿಂಗ್‌ನಲ್ಲಿ ಕೇಳುವ ಪದಗಳಷ್ಟೇ ಉಳಿದವು. ನಡುವೆ ಬಿಟ್ಟ ಕಡೆ ಮೂರು ಚುಕ್ಕಿ ಇಟ್ಟೆ. ಅರ್ಧ ಗಂಟೆ ಅಂತರದಲ್ಲಿ ಆಡಿದ ಎರಡು ಮಾತುಗಳನ್ನು ಮಾತ್ರ ಚುಕ್ಕಿಯಿಂದಲೂ ಹೊಲಿಯದೆ ಬೇರೆ ಬೇರೆಯಾಗಿಯೇ ಇಟ್ಟೆ.

ತಿದ್ದಿದ್ದನ್ನು ಮಗ ಜೋರಾಗಿ ಓದಿದರು. ಹಗ್ಗದ ಸಾಲು ಬಂದಾಗ ಹಿರಿಯರು ತಲೆಯೆತ್ತಿ, "ಹೂಂ, ಅಂದಿದ್ದೆ" ಎಂದರು.