ಬಿಗಿ ಹಿಡಿದ ಟೇಪು

ಹೊಲಿಗೆ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಳತೆ ತೆಗೆಯುವುದು. ಕತ್ತರಿ ಹಾಕಲು ಧೈರ್ಯ ಬೇಕು, ಅಳತೆಗೆ ಬೇಕಾದದ್ದು ಹಗುರವಾದ ಬೆರಳು. ಒಂದು ಕಡೆ 60 ಇಂಚು, ಇನ್ನೊಂದು ಕಡೆ 150 ಸೆಂಟಿಮೀಟರ್ ಅಚ್ಚಾಗಿರುವ ಆ ಟೇಪನ್ನು ಕೊರಳಿಗೆ ಹಾಕಿಕೊಂಡು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಇವತ್ತಿಗೂ ನನಗೆ ಖುಷಿಯೇ.

ನಮ್ಮ ಕಟ್ಟೆಮಳಲವಾಡಿಯಲ್ಲಿ ಟೈಲರ್‌ಗೆ ಕೆಲಸ ಮೇಲೆ ಬೀಳುವುದು ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಊರಲ್ಲೇ ಇದೆ. ಸುತ್ತಲಿನ ಹಳ್ಳಿಗಳ ರೈತರು ಬೇಲು ಹೊತ್ತು ತರುತ್ತಾರೆ, ದುಡ್ಡು ಕೈಗೆ ಬಂದರೆ ಮನೆಮಂದಿಗೆಲ್ಲ ಬಟ್ಟೆ ತೆಗೆಯುತ್ತಾರೆ. ಅಂಥ ಒಂದು ಸುಗ್ಗಿಯಲ್ಲಿ ಅಕ್ಕನ ಮಗ ನನ್ನ ಹತ್ತಿರ ಕೆಲಸ ಕಲಿಯಲು ಸೇರಿದ. ಎಲ್ಲರ ಹಾಗೆ ಅವನೂ ಮೊದಲು ಕಾಜ ಗುಂಡಿ ಕಲಿತ, ಆಮೇಲೆ ಪ್ಯಾಂಟಿನ ಕಾಲಿಗೆ ಹೆಮ್ಮಿಂಗ್ ಹಾಕಿದ. ಕೈ ಚುರುಕಾಗಿತ್ತು. ಒಂದು ದಿನ ಟೇಪು ಕೊಟ್ಟು, ಬಂದಿದ್ದ ರೈತರೊಬ್ಬರ ಅಳತೆ ತೆಗೆಯಲು ಹೇಳಿದೆ.

ಹುಡುಗ ಟೇಪನ್ನು ಅವರ ಎದೆಯ ಸುತ್ತ ತಂದು ಎರಡು ತುದಿಯನ್ನೂ ಜಗ್ಗಿ ಹಿಡಿದ. ಟೇಪು ಜೋತುಬಿದ್ದರೆ ಅಳತೆ ತಪ್ಪುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದರಿಂದ ಅವನು ಬಿಗಿಯಲ್ಲಿ ಏನೂ ಉಳಿಸಿರಲಿಲ್ಲ. "ಮೂವತ್ತೆಂಟೂವರೆ, ಮಾವ" ಎಂದ. ಆ ಮೈಕಟ್ಟಿಗೆ ಅಷ್ಟು ಕಮ್ಮಿ ಬರಲು ಸಾಧ್ಯವಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. "ಉಸ್ರು ಬುಟ್ಟು ಸುಮ್ನೆ ನಿಂತ್ಕಳಣ್ಣ" ಎಂದು ಅವರಿಗೆ ಹೇಳಿ, ಟೇಪಿನೊಳಗೆ ಎರಡು ಬೆರಳು ಇಟ್ಟು ನಾನೇ ಅಳೆದೆ. ಸರಿಯಾಗಿ 40 ಬಂತು.

ಹುಡುಗನ ಮುಖ ಬಾಡಿತು. ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಎಳುದ್ರೆ ಟೇಪು ಉದ್ದ ಆಯ್ತದೆ. ಉದ್ದ ಆದ್ರೆ ಅಂಕಿ ಜಾಸ್ತಿ ಬರ್ಬೇಕಲ್ವಾ ಮಾವ? ಕಮ್ಮಿ ಯಾಕ್ ಬಂತು?"

ರೈತರು ಹೋದ ಮೇಲೆ ಟೇಪನ್ನು ಕಟಿಂಗ್ ಟೇಬಲ್ ಮೇಲೆ ಹಾಸಿದೆವು. ಸೊನ್ನೆಯ ತುದಿಯನ್ನು ಅವನು ಒತ್ತಿ ಹಿಡಿದ. 40ರ ಗೆರೆಯ ನೇರಕ್ಕೆ ಟೇಬಲ್ ಮೇಲೆ ಚಾಕಿನಲ್ಲಿ ಗುರುತು ಹಾಕಿ, "ಈಗ ಆಗ ಎಳ್ದಂಗೇ ಎಳಿ" ಎಂದೆ. 40ರ ಗೆರೆ ಗುರುತನ್ನು ದಾಟಿ ಮುಂದೆ ಹೋಯಿತು, ಗುರುತಿನ ಎದುರಿಗೆ ಅದಕ್ಕಿಂತ ಚಿಕ್ಕ ಅಂಕಿ ಬಂದು ನಿಂತಿತು. ಟೇಪು ಹಿಗ್ಗಿದರೆ ಗೆರೆಗಳ ನಡುವಿನ ಜಾಗ ಅಗಲವಾಗುತ್ತದೆ, ಅದೇ ಮೈಯನ್ನು ಸುತ್ತಲು ಕಮ್ಮಿ ಗೆರೆ ಸಾಕಾಗುತ್ತದೆ. ಉದ್ದವಾದ ಟೇಪು ಕಮ್ಮಿ ಓದುವುದು ಹಾಗೆ. ಆದರೆ ಆ ವ್ಯತ್ಯಾಸ ಅರ್ಧ ಇಂಚೂ ಇರಲಿಲ್ಲ. ಎದೆಯಲ್ಲಿ ತಪ್ಪಿದ್ದು ಒಂದೂವರೆ ಇಂಚು. ಉಳಿದದ್ದು ಎಲ್ಲಿ ಹೋಯಿತು? ಅದನ್ನು ಕೊಟ್ಟದ್ದು ಮೈ. ಬಿಗಿದರೆ ಬನಿಯನ್ ಒತ್ತಿಕೊಳ್ಳುತ್ತದೆ, ಮಾಂಸ ಒಳಕ್ಕೆ ಹೋಗುತ್ತದೆ, ಮನುಷ್ಯ ತನಗೇ ಗೊತ್ತಿಲ್ಲದೆ ಉಸಿರು ಹಿಡಿಯುತ್ತಾನೆ. ಟೇಬಲ್ಲು ಜಗ್ಗುವುದಿಲ್ಲ, ಮೈ ಜಗ್ಗುತ್ತದೆ.

ಹುಡುಗ ಅಷ್ಟಕ್ಕೆ ಬಿಡಲಿಲ್ಲ. "ಮೈ ಅಳ್ಯಾದೂ ಇದೇ ಟೇಪು, ಬಟ್ಟೆ ಮೇಲೆ ಗುರುತು ಹಾಕಾದೂ ಇದೇ ಟೇಪು. ಅಲ್ಲಿ ಕಮ್ಮಿ ಆದದ್ದು ಇಲ್ಲಿ ಜಾಸ್ತಿ ಆಗಿ ಸರಿ ಹೋಗಕಿಲ್ವಾ?" ಅವನ ಲೆಕ್ಕ ಸರಿಯಾಗಿತ್ತು. ಹಳೆಯದಾಗಿ ಹಿಗ್ಗಿದ ಟೇಪಿನಲ್ಲೇ ಮೈಯನ್ನೂ ಬಟ್ಟೆಯನ್ನೂ ಅಳೆದರೆ ಆ ಹಿಗ್ಗು ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ಆದರೆ ಕೈ ಎರಡು ಕಡೆಯೂ ಒಂದೇ ಬಲ ಹಾಕುವುದಿಲ್ಲ. ಮೈ ಮೇಲೆ ಜಗ್ಗಿದ ಕೈ ಟೇಬಲ್ ಮೇಲೆ ಟೇಪನ್ನು ಸುಮ್ಮನೆ ಚೆಲ್ಲಿ ಗುರುತು ಹಾಕುತ್ತದೆ. ಒಳಕ್ಕೆ ಹೋದ ಮಾಂಸಕ್ಕಂತೂ ಬಟ್ಟೆಯ ಮೇಲೆ ಪರಿಹಾರವೇ ಇಲ್ಲ.

ಇದನ್ನು ಅರಿತವರು ಟೈಲರುಗಳು ಮಾತ್ರವಲ್ಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, ಮುಂದೆ ದಕ್ಷಿಣ ಭಾರತದ ಸರ್ವೆಗೆ ಹೊರಟಾಗ ನೂರು ಅಡಿಯ ಉಕ್ಕಿನ ಸರಪಳಿಯಿಂದ ನೆಲ ಅಳೆದ. ಉಕ್ಕೂ ಎಳೆದರೆ ಹಿಗ್ಗುತ್ತದೆ. ಅದಕ್ಕೇ ಸರಪಳಿಯ ತುದಿಗೆ ತೂಕ ಕಟ್ಟಿ ಪ್ರತಿ ಸಲವೂ ಒಂದೇ ಬಿಗಿ ಬರುವಂತೆ ನೋಡಿಕೊಂಡರು. ನಮಗೆ ಆ ತೂಕದ ಬದಲು ಇರುವುದು ಟೇಪಿನೊಳಗೆ ಇಡುವ ಎರಡು ಬೆರಳು.

ಆ ಅಂಗಿಯ ಲೆಕ್ಕವನ್ನು ಪುಸ್ತಕದಲ್ಲಿ ಅವನ ಕೈಯಲ್ಲೇ ಬರೆಸಿದೆ. ನಮ್ಮ ಕಡೆಯ ಸಡಿಲ ಅಂಗಿಗೆ ಎದೆಯ ಕಾಲು ಭಾಗಕ್ಕೆ ಒಂದೂವರೆ ಇಂಚು ಲೂಸು ಸೇರಿಸುತ್ತೇನೆ. 40ರ ಕಾಲು ಭಾಗ 10, ಲೂಸು ಸೇರಿ ಹನ್ನೊಂದೂವರೆ. ಅಂಥ ನಾಲ್ಕು ಭಾಗ ಸೇರಿದರೆ ಅಂಗಿಯ ಸುತ್ತಳತೆ 46, ಅಂದರೆ ಮೈಗಿಂತ ಆರು ಇಂಚು ಸಡಿಲ. ಮೂವತ್ತೆಂಟೂವರೆ ನಂಬಿ ಕತ್ತರಿಸಿದ್ದರೆ ಸುತ್ತಳತೆ ನಲವತ್ತನಾಲ್ಕೂವರೆಗೆ ಇಳಿದು, ಸಡಿಲ ನಾಲ್ಕೂವರೆ ಇಂಚಷ್ಟೇ ಉಳಿಯುತ್ತಿತ್ತು. ಕನ್ನಡಿ ಮುಂದೆ ನಿಂತಾಗ ಆ ಅಂಗಿಯಲ್ಲಿ ತಪ್ಪು ಕಾಣುವುದಿಲ್ಲ. ಬೇಲು ಎತ್ತಲು ಬಗ್ಗಿದಾಗ ಬೆನ್ನಿನ ಮೇಲೆ ಬಟ್ಟೆ ಬಿಗಿದು ಎದೆಯ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ. ಕಾಲರ್ ಇನ್ನೂ ಕಷ್ಟ. ಅಲ್ಲಿ ಅರ್ಧ ಇಂಚು ಕಮ್ಮಿಯಾದರೂ ಮೇಲಿನ ಗುಂಡಿ ಹಾಕಲು ಬರುವುದಿಲ್ಲ. ಕತ್ತರಿಸಿದ ಬಟ್ಟೆಯನ್ನು ಚಿಕ್ಕದು ಮಾಡಬಹುದು, ಒಳಗೆ ಬಟ್ಟೆ ಬಿಟ್ಟಿರದಿದ್ದರೆ ದೊಡ್ಡದು ಮಾಡಲಾಗುವುದಿಲ್ಲ.

ಆ ಸಂಜೆಯಿಂದ ಹುಡುಗನ ಕೈ ಬದಲಾಯಿತು. ಮೊದಲು ಜೇಬಿನ ಮೊಬೈಲು, ಪಾಸ್‌ಬುಕ್ಕು ತೆಗೆಸುತ್ತಾನೆ. ಬೆನ್ನಿನ ಕಡೆ ಟೇಪು ಇಳಿದಿಲ್ಲ ಎಂದು ಸುತ್ತ ಬಂದು ನೋಡುತ್ತಾನೆ. ಎರಡು ಬೆರಳು ಒಳಗಿಟ್ಟು ಟೇಪನ್ನು ಆಚೆ ಈಚೆ ಒಂದು ಸಲ ಜಾರಿಸುತ್ತಾನೆ. ಸಲೀಸಾಗಿ ಜಾರಿದರೆ ಅಳತೆ ಸರಿ, ಬಟ್ಟೆಯನ್ನೂ ಎಳೆದುಕೊಂಡು ಬಂದರೆ ಬಿಗಿ ಹೆಚ್ಚು. ಆ ಜಾರುವಿಕೆಯನ್ನು ಬೆರಳಲ್ಲಿ ಅರಿಯುವುದೇ ಅಳತೆಯ ಸುಖ.

ಇನ್ನು ಟೇಪಿನ ಮಾತು. ಬರೀ ಪ್ಲಾಸ್ಟಿಕ್ಕಿನದು ದಿನವೂ ಜಗ್ಗಿಸಿಕೊಂಡು, ಬಿಸಿಲಿಗೂ ಇಸ್ತ್ರಿಯ ಶಾಖಕ್ಕೂ ಮೆದುವಾಗಿ, ಹಿಗ್ಗಿದ್ದು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಒಳಗೆ ಫೈಬರ್ ಗ್ಲಾಸಿನ ಎಳೆ ಇರುವ ಟೇಪು ಬಹಳ ಕಾಲ ನಿಯತ್ತಿನಿಂದಿರುತ್ತದೆ. ಪರೀಕ್ಷೆ ಸುಲಭ. ಬಟ್ಟೆ ಅಂಗಡಿಯಲ್ಲಿ ಸರ್ಕಾರದ ಮುದ್ರೆ ಬಿದ್ದ ಮೀಟರ್ ಕಡ್ಡಿ ಇರುತ್ತದೆ. ಅದರ ಪಕ್ಕಕ್ಕೆ ಟೇಪನ್ನು ಎಳೆಯದೆ ಹಾಸಿ ನೋಡಿ. ಕಡ್ಡಿ ಮುಗಿಯುವ ಕಡೆ 39 ಇಂಚಿನ ಮೇಲೆ ಇನ್ನೂ ಮೂರು ಸಣ್ಣ ಗೆರೆ, ಅಂದರೆ ಎಂಟರಲ್ಲಿ ಮೂರು ಭಾಗ, ಕಾಣಬೇಕು. ಬರೀ 39 ಕಂಡರೆ ಆ ಟೇಪು ನೂರಕ್ಕೆ ಒಂದರಷ್ಟು ಹಿಗ್ಗಿದೆ ಎಂದು ಅರ್ಥ. ಅದನ್ನು ಕತ್ತರಿಸಿ ಬಿಸಾಡಿ, ಹೊಸದು ತನ್ನಿ. ಹೊಸ ಟೇಪಿನ ಬೆಲೆ ಕೆಟ್ಟುಹೋದ ಒಂದು ಅಂಗಿಬಟ್ಟೆಗಿಂತ ಬಹಳ ಕಮ್ಮಿ.